‘ನಟ್ಸ್ ಬೇಡ’ ಎಂದರೆ ಸಾಲದು

ಮಕ್ಕಳ ದಿನಾಚರಣೆ ಹತ್ತಿರ ಬಂತೆಂದರೆ ಪೋಷಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥದ್ದೊಂದು ಸಂದೇಶ ಕಾಣಿಸಿಕೊಳ್ಳುತ್ತದೆ: “ಶುಕ್ರವಾರ ಕ್ಲಾಸ್ ಪಾರ್ಟಿ ಇದೆ. ಹಂಚಿಕೊಂಡು ತಿನ್ನೋಕೆ ಎಲ್ಲರೂ ಏನಾದರೂ ಕಳಿಸಿ. ಒಂದು ಮಗುವಿಗೆ ಅಲರ್ಜಿ ಇದೆ, ದಯವಿಟ್ಟು ನಟ್ಸ್ ಬೇಡ.” ಕೆಳಗೆ ಸಾಲುಸಾಲಾಗಿ ಹೆಬ್ಬೆರಳಿನ ಚಿತ್ರಗಳು. ಎಲ್ಲರೂ ಓದಿದ್ದಾರೆ, ಎಲ್ಲರೂ ಒಪ್ಪಿದ್ದಾರೆ.

ಶುಕ್ರವಾರ ಆ ತರಗತಿಯ ಮೇಜಿನ ಮೇಲೆ ಏನೇನು ಬಂದು ಕೂರಬಹುದು ಎಂದು ಯೋಚಿಸಿ ನೋಡಿ. ಒಬ್ಬರ ಮನೆಯಿಂದ ಅಜ್ಜಿ ಕೈಯಾರೆ ತಟ್ಟಿದ ನಿಪ್ಪಟ್ಟು. ನಟ್ಸ್ ಅಂದರೆ ಗೋಡಂಬಿ, ಬಾದಾಮಿ ಎಂದುಕೊಂಡ ಮನೆಯವರಿಗೆ ಹಿಟ್ಟಿನೊಳಗೆ ತರಿತರಿಯಾಗಿ ಸೇರಿದ ಕಡಲೆಕಾಯಿ ಬೀಜದ ನೆನಪೇ ಆಗಿರುವುದಿಲ್ಲ. ಇನ್ನೊಬ್ಬರ ಮನೆಯಿಂದ ಚಿತ್ರಾನ್ನ. ಅಮ್ಮ ಒಗ್ಗರಣೆಯಲ್ಲಿದ್ದ ಬೀಜಗಳನ್ನೆಲ್ಲ ಒಂದೊಂದಾಗಿ ಆರಿಸಿ ತೆಗೆದಿದ್ದಾರೆ, ಆದರೆ ಆ ಬೀಜ ಹುರಿದ ಎಣ್ಣೆ ಅನ್ನದಲ್ಲೇ ಇದೆ. ಮತ್ತೊಬ್ಬರು ಇಡ್ಲಿ ಕಳಿಸಿದ್ದಾರೆ. ಇಡ್ಲಿಗೆ ಅಕ್ಕಿ, ಉದ್ದು ಬಿಟ್ಟರೆ ಬೇರೇನೂ ಬೀಳುವುದಿಲ್ಲ, ಸರಿ. ಜೊತೆಗಿರುವ ಚಟ್ನಿಗೆ ಮಾತ್ರ ಹುರಿದ ಶೇಂಗಾ ರುಬ್ಬಿ ಹಾಕಿದೆ. ಮೈಸೂರು ಪಾಕ್‌ನಲ್ಲಿ ಇರುವುದು ಕಡಲೆಹಿಟ್ಟು, ಸಕ್ಕರೆ, ತುಪ್ಪ ಅಷ್ಟೇ. ಆದರೆ ಅಂಗಡಿಯಾತ ಕಾಜು ಬರ್ಫಿ ಎತ್ತಿಕೊಟ್ಟ ಇಕ್ಕಳದಲ್ಲೇ ಅದನ್ನೂ ಎತ್ತಿ ಡಬ್ಬಿಗೆ ತುಂಬಿದ್ದಾನೆ. ಇಲ್ಲಿ ಯಾರೂ ಮಾತು ಮೀರಿಲ್ಲ. ಸಂದೇಶವೇ ಅರ್ಧ ಹೇಳಿತ್ತು.

ಉಳಿದರ್ಧ ಏನು ಎಂದು ಹೇಳುವುದಕ್ಕೆ ಒಂದು ತರಗತಿಯನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಬೆಂಗಳೂರಿನ ಒಂದು ಶಾಲೆ, ಎರಡನೇ ತರಗತಿ, 30 ಮಕ್ಕಳು. ಒಂದು ಮಗುವಿಗೆ ಕಡಲೆಕಾಯಿ ಮತ್ತು ಗೋಡಂಬಿಯ ಅಲರ್ಜಿ, ಇನ್ನೊಂದಕ್ಕೆ ಹಾಲಿನದು. ಬೆಂಗಳೂರನ್ನು ಬೇಕೆಂದೇ ಆರಿಸಿಕೊಂಡಿದ್ದೇನೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ ಊರೆಲ್ಲ ಹೊಸ ಕಡಲೆಕಾಯಿ, ಮನೆಮನೆಯಲ್ಲೂ ಬೇಯಿಸುವುದು, ಹುರಿಯುವುದು ನಡೆದಿರುತ್ತದೆ.

ಮೊದಲು ಅಲರ್ಜಿ ಎಂದರೆ ಮೈಯೊಳಗೆ ಏನಾಗುತ್ತದೆ ನೋಡೋಣ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ನಮ್ಮ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಆಹಾರದ ಒಂದು ಪ್ರೋಟೀನನ್ನೇ ಶತ್ರು ಎಂದು ಗುರುತಿಟ್ಟುಕೊಂಡು, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟಿರುತ್ತದೆ. ಆ ಪ್ರೋಟೀನ್ ಮತ್ತೆ ಹೊಟ್ಟೆಗೆ ಹೋದಾಗ ಹಿಸ್ಟಮೀನ್ ಮುಂತಾದ ರಾಸಾಯನಿಕಗಳು ಒಮ್ಮೆಗೇ ರಕ್ತಕ್ಕೆ ಸುರಿಯುತ್ತವೆ. ಚರ್ಮದಲ್ಲಿ ದದ್ದು ಏಳುತ್ತದೆ, ತುಟಿ, ಕಣ್ಣುರೆಪ್ಪೆ ಊದಿಕೊಳ್ಳುತ್ತವೆ, ವಾಂತಿಯಾಗಬಹುದು. ತೀವ್ರವಾದರೆ ಗಂಟಲು ಕಟ್ಟಿ, ಉಸಿರಿನಲ್ಲಿ ಸುಯ್ ಎಂಬ ಶಬ್ದ ಬಂದು, ರಕ್ತದೊತ್ತಡ ಕುಸಿದು ಮಗು ತೂಕಡಿಸಿದಂತೆ ಬಿದ್ದುಬಿಡಬಹುದು. ಈ ತೀವ್ರ ಸ್ಥಿತಿಗೆ ವೈದ್ಯರು ಅನಾಫಿಲಾಕ್ಸಿಸ್ ಎನ್ನುತ್ತಾರೆ. ತಿಂದ ಕೆಲವೇ ನಿಮಿಷಗಳಲ್ಲಿ ಶುರುವಾಗುವುದೇ ಹೆಚ್ಚು, ಎರಡು ಗಂಟೆಯವರೆಗೂ ತಡವಾಗುವುದುಂಟು. ಕೆಲವು ಮಕ್ಕಳಿಗೆ ಇಷ್ಟಕ್ಕೆ ಒಂದು ಬೀಜದ ಚೂರೇ ಸಾಕು. ಚಿತ್ರಾನ್ನದಿಂದ ಬೀಜ ಆರಿಸಿ ತೆಗೆದರೆ ಪ್ರಯೋಜನವಿಲ್ಲ ಎನ್ನುವುದು ಇದೇ ಕಾರಣಕ್ಕೆ.

“ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?” ಎಂದು ಮನೆಯ ಹಿರಿಯರು ಕೇಳಿದರೆ ತಪ್ಪಿಲ್ಲ. ನಮ್ಮಲ್ಲಿ ಇದು ನಿಜಕ್ಕೂ ವಿರಳ. ಯುರೋಪಿನ ಸಂಶೋಧಕರ ಜೊತೆಗೂಡಿ ಕರ್ನಾಟಕದ ವಯಸ್ಕರಲ್ಲಿ ನಡೆಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ ಸುಮಾರು 26 ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ವಿರುದ್ಧ ಪ್ರತಿಕಾಯ ಕಂಡಿತ್ತು. ಆದರೆ ತಿಂದಾಗ ತೊಂದರೆಯೂ ಆಗುವ, ಅಲರ್ಜಿ ಎನ್ನಬಹುದಾದವರು ನೂರಕ್ಕೆ ಒಬ್ಬರ ಆಸುಪಾಸು ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲಿ ಸಂದೇಶ ಬರೆಯುವವರಿಗೆ ಒಂದು ಪಾಠವಿದೆ. ರಕ್ತಪರೀಕ್ಷೆಯ ವರದಿಯಲ್ಲಿ ಹತ್ತು ಆಹಾರಗಳ ಮುಂದೆ ಗುರುತು ಬಿದ್ದಿದೆ ಎಂದು ಹತ್ತನ್ನೂ ಬೇಡ ಎಂದು ಬರೆದರೆ ಯಾರೂ ಪಾಲಿಸಲಾರರು. ಮಗುವಿನ ವೈದ್ಯರು ತಿಂದಾಗ ಆದದ್ದನ್ನೂ ವರದಿಯನ್ನೂ ತಾಳೆ ನೋಡಿ ಖಚಿತಪಡಿಸಿದ ಆಹಾರಗಳಷ್ಟೇ ಪಟ್ಟಿಯಲ್ಲಿರಲಿ. ಪಟ್ಟಿ ಚಿಕ್ಕದಾದಷ್ಟೂ ಅದಕ್ಕೆ ಬೆಲೆ ಹೆಚ್ಚು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಮಗುವಿನ ಸಮಸ್ಯೆಯೂ ಬೇರೆ. ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ, ಕಿರಿಕಿರಿಯೇ ಹೊರತು ಪ್ರಾಣಕ್ಕೆ ಅಪಾಯವಿಲ್ಲ. ಹಾಲಿನ ಅಲರ್ಜಿ ಇರುವ ಮಗುವಿಗೆ ತುಪ್ಪದಲ್ಲಿ ಉಳಿದ ಅಲ್ಪ ಪ್ರೋಟೀನ್ ಕೂಡ ತೊಂದರೆ ಕೊಡಬಹುದು.

ಈಗ ಸಂದೇಶಕ್ಕೆ ಬರೋಣ. ಗುಂಪಿಗೆ ಹಾಕುವ ಮೊದಲು ಅದು ಆ ಎರಡು ಮಕ್ಕಳ ಅಪ್ಪ ಅಮ್ಮಂದಿರ ಕೈಗೆ ಹೋಗಬೇಕು. ಏನನ್ನು ಬರೆಯಬೇಕು, ಮಗುವಿನ ಹೆಸರು ಹೇಳಬೇಕೇ ಬೇಡವೇ ಎನ್ನುವುದು ಅವರ ಹಕ್ಕು. ಹೆಸರಿಲ್ಲದಿದ್ದರೂ ಸಂದೇಶದ ಕೆಲಸ ನಡೆಯುತ್ತದೆ. ತರಗತಿಯ ಶಿಕ್ಷಕಿಗೆ ಮಾತ್ರ ಹೆಸರು ಗೊತ್ತಿರಲೇಬೇಕು. ಪಾರ್ಟಿಗೆ ಹತ್ತು ದಿನ ಮುಂಚೆ ಕಳಿಸಿದರೆ ಒಳ್ಳೆಯದು. ಹಿಂದಿನ ರಾತ್ರಿ ಬಂದ ಸಂದೇಶ, ಅಷ್ಟರಲ್ಲಿ ತಿಂಡಿ ಕರಿದು ಡಬ್ಬಿಗೆ ತುಂಬಿಟ್ಟವರನ್ನು ಸಂಕಟಕ್ಕೆ ಸಿಕ್ಕಿಸುತ್ತದೆ. ಹೀಗೆ ಬರೆಯಬಹುದು:

“ಎರಡನೇ ತರಗತಿಯ ಎಲ್ಲ ಅಪ್ಪ ಅಮ್ಮಂದಿರಿಗೆ ನಮಸ್ಕಾರ. ನವೆಂಬರ್ 14ರಂದು ತರಗತಿಯಲ್ಲಿ ಪಾರ್ಟಿ ಇದೆ. ನಮ್ಮ ಇಬ್ಬರು ಮಕ್ಕಳಿಗೆ ವೈದ್ಯರು ಖಚಿತಪಡಿಸಿದ ತೀವ್ರ ಅಲರ್ಜಿ ಇದೆ. ಒಂದು ಮಗು ಕಡಲೆಕಾಯಿ (ಶೇಂಗಾ, ನೆಲಗಡಲೆ), ಗೋಡಂಬಿ, ಪಿಸ್ತಾ ತಿನ್ನುವ ಹಾಗಿಲ್ಲ. ಇನ್ನೊಂದು ಮಗು ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್, ಹಾಲಿನ ಪುಡಿ ಇರುವ ಯಾವುದನ್ನೂ ತಿನ್ನುವ ಹಾಗಿಲ್ಲ. ಚೂರು ತಿಂದರೂ ಉಸಿರಾಟಕ್ಕೆ ತೊಂದರೆ ಆಗಬಹುದು. ಹುರಿಗಡಲೆ, ಕಡಲೆಬೇಳೆ, ಕಡಲೆಹಿಟ್ಟಿನಿಂದ ಇವರಿಗೆ ತೊಂದರೆ ಇಲ್ಲ.

ಹಾಗಾಗಿ ಈ ಸಲ ಹಂಚುವುದಕ್ಕೆಂದು ಮನೆಯಲ್ಲಿ ಮಾಡಿದ ತಿಂಡಿ, ಸ್ವೀಟ್ ಅಂಗಡಿಯ ತಿಂಡಿ, ಕೇಕ್, ಚಾಕೊಲೇಟ್ ಕಳಿಸಬೇಡಿ. ರೋಲ್ ನಂಬರ್ 1ರಿಂದ 10: ಏಲಕ್ಕಿ ಬಾಳೆಹಣ್ಣು, ಮೂರು ಮೂರು. 11ರಿಂದ 20: ಕಿತ್ತಳೆ, ಮೂರು ಮೂರು, ಸಿಪ್ಪೆ ಸುಲಿಯದೆ. 21ರಿಂದ 25: ತಟ್ಟೆ, ಕರವಸ್ತ್ರದ ಕಾಗದ, ಬಲೂನು. 26ರಿಂದ 30ರವರು ಸೇರಿ 30 ಸಣ್ಣ ಪೊಟ್ಟಣ ಬರೀ ಉಪ್ಪಿನ ಆಲೂ ಚಿಪ್ಸ್ ತನ್ನಿ, ಎಲ್ಲವೂ ಒಂದೇ ಬಗೆಯದ್ದಾಗಿರಲಿ. ಕೊಳ್ಳುವ ಮೊದಲು ಪೊಟ್ಟಣದ ಹಿಂಬದಿಯ ಫೋಟೊ ನನಗೆ ಕಳಿಸಿ, ಎರಡೂ ಮನೆಯವರಿಗೆ ತೋರಿಸಿ ಹೇಳುತ್ತೇನೆ. ನಿಮ್ಮ ಮಗುವಿಗೂ ಯಾವುದಾದರೂ ಅಲರ್ಜಿ ಇದ್ದರೆ ಇದೇ 7ನೇ ತಾರೀಖಿನೊಳಗೆ ನನಗೆ ಪ್ರತ್ಯೇಕವಾಗಿ ತಿಳಿಸಿ. ಸಂದೇಹ ಎಷ್ಟೇ ಸಣ್ಣದಿರಲಿ, ಫೋನ್ ಮಾಡಿ.”

ಸಂದೇಶ ಉದ್ದವಾಯಿತು ಎನ್ನಿಸಬಹುದು. ಆದರೆ ಇದರಲ್ಲಿ ಪ್ರತಿ ಮನೆಯೂ ತಾನು ಏನು ತರಬೇಕು ಎಂದು ಅರ್ಧ ನಿಮಿಷದಲ್ಲಿ ಹುಡುಕಿಕೊಳ್ಳಬಹುದು. ಏನು ಬೇಡ ಎಂದಷ್ಟೇ ಹೇಳಿದರೆ ಉಳಿದ ಸಾವಿರ ತಿಂಡಿಗಳಲ್ಲಿ ಯಾವುದು ಸರಿ ಎಂಬ ತೀರ್ಮಾನವನ್ನು, ಅಲರ್ಜಿಯ ಬಗ್ಗೆ ಏನೂ ಗೊತ್ತಿಲ್ಲದ 28 ಮನೆಗಳ ಮೇಲೆ ಹೊರಿಸಿದಂತಾಗುತ್ತದೆ. ಕಡಲೆಕಾಯಿಗೆ ಮೂರು ಹೆಸರು ಬರೆದಿರುವುದೂ ಸುಮ್ಮನೆ ಅಲ್ಲ. ಹುಬ್ಬಳ್ಳಿಯಿಂದ, ಮಂಗಳೂರಿನಿಂದ, ಮೈಸೂರಿನಿಂದ ಬಂದವರು ಒಂದೇ ತರಗತಿಯ ಪೋಷಕರಾಗಿರುವ ಊರು ಇದು. ಬರೀ ‘ಕಡಲೆ’ ಎಂದರೆ ಒಬ್ಬರು ಕಡಲೆಕಾಳು ಎಂದು ತಿಳಿದಾರು, ಇನ್ನೊಬ್ಬರು ಹುರಿಗಡಲೆ ಎಂದುಕೊಂಡಾರು. ಕನ್ನಡ ಓದಲು ಬಾರದ ಪೋಷಕರಿದ್ದರೆ ಅವರ ಭಾಷೆಯಲ್ಲೂ ಇದೇ ಸಂದೇಶ ಹೋಗಲಿ. ಪಿಸ್ತಾ ಹೆಸರು ಯಾಕೆ ಬಂತು ಎಂದರೆ, ಗೋಡಂಬಿ ಮತ್ತು ಪಿಸ್ತಾದ ಪ್ರೋಟೀನುಗಳು ಒಂದನ್ನೊಂದು ಬಹಳ ಹೋಲುತ್ತವೆ. ಒಂದಕ್ಕೆ ಅಲರ್ಜಿ ಇರುವವರಿಗೆ ಇನ್ನೊಂದೂ ಆಗದಿರುವುದು ಸಾಮಾನ್ಯ.

ಈ ಸಂದೇಶದಲ್ಲಿ ಜನರ ಮನಸ್ಸಿಗೆ ಚುಚ್ಚುವ ಮಾತು ಒಂದೇ: ಮನೆಯಲ್ಲಿ ಮಾಡಿದ್ದು ಬೇಡ ಎನ್ನುವುದು. ಪೊಟ್ಟಣದ ತಿಂಡಿಗಿಂತ ಮನೆಯದ್ದೇ ಆರೋಗ್ಯಕ್ಕೆ ಒಳ್ಳೆಯದು ಎಂದು ನಾವೆಲ್ಲ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ, ಅದು ನಿಜವೂ ಹೌದು. ಆದರೆ ಅಲರ್ಜಿಯ ಲೆಕ್ಕವೇ ಬೇರೆ. ಅಡುಗೆಮನೆ ಎಷ್ಟು ಚೊಕ್ಕಟವಾಗಿದ್ದರೂ ಬೆಳಗ್ಗೆ ಶೇಂಗಾ ಚಟ್ನಿಪುಡಿ ಮಾಡಿದ ಮಿಕ್ಸಿ ಜಾರಿನಲ್ಲೇ ಮಧ್ಯಾಹ್ನ ಹಿಟ್ಟು ರುಬ್ಬಿರುತ್ತೇವೆ. ನಿಪ್ಪಟ್ಟು ಕರಿದ ಎಣ್ಣೆಯನ್ನು ಸೋಸಿಟ್ಟು ಮರುದಿನ ಕೋಡುಬಳೆ ಕರಿಯುತ್ತೇವೆ. ಕೋಡುಬಳೆಗೆ ಕಡಲೆಕಾಯಿ ಹಾಕದಿದ್ದರೂ ಅದು ಕಡಲೆಕಾಯಿಯ ಎಣ್ಣೆಯಲ್ಲಿ ಮಿಂದೆದ್ದಿರುತ್ತದೆ. ಎಣ್ಣೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೆನ್ನಾಗಿ ಶುದ್ಧೀಕರಿಸಿದ, ಅಂದರೆ ರಿಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನ್ ಬಹುತೇಕ ಹೊರಟುಹೋಗಿರುವುದರಿಂದ ಹೆಚ್ಚಿನವರಿಗೆ ಅದರಿಂದ ತೊಂದರೆ ಇಲ್ಲ. ಈಚೆಗೆ ಮತ್ತೆ ಬಳಕೆಗೆ ಬಂದಿರುವ ಗಾಣದ ಎಣ್ಣೆಯಲ್ಲಿ ಹಾಗಲ್ಲ. ಬೀಜದ ಘಮದ ಜೊತೆಗೆ ಅದರ ಪ್ರೋಟೀನೂ ಉಳಿದಿರುತ್ತದೆ. ಮನೆಯ ತಿಂಡಿಗೆ ಯಾವ ಎಣ್ಣೆ, ಯಾವ ಜಾರು, ಯಾವ ಸೌಟು ಎಂದು ಹೊರಗಿನವರಿಗೆ ತಿಳಿಯುವ ದಾರಿಯಿಲ್ಲ. ಅಜ್ಜಿಯ ಕೈರುಚಿಯ ಬಗ್ಗೆ ಇಲ್ಲಿ ಯಾರಿಗೂ ಅನುಮಾನವಿಲ್ಲ ಎಂಬುದನ್ನು ಫೋನಿನಲ್ಲಾದರೂ ಒಂದು ಮಾತು ಹೇಳುವುದು ಸೌಜನ್ಯ. ಆ ನಿಪ್ಪಟ್ಟು ಮಗುವಿನ ಸ್ವಂತ ಡಬ್ಬಿಗೂ ಆ ದಿನ ಬೇಡ. ಸಂಜೆ ಮನೆಯಲ್ಲಿ ತಿಂದರಾಯಿತು.

ಪೊಟ್ಟಣದ ಮೇಲೆ ನಂಬಿಕೆ ಇಡುವುದು ಅದು ಶ್ರೇಷ್ಠ ಎಂದಲ್ಲ, ಅದರ ಮೇಲೆ ಬರಹ ಇರುತ್ತದೆ ಎಂದು. ಆಹಾರ ಸುರಕ್ಷತೆ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2020ರಲ್ಲಿ ತಂದ ಲೇಬಲ್ ನಿಯಮಗಳ ಪ್ರಕಾರ ಕೆಲವು ಅಲರ್ಜಿಕಾರಕಗಳು ತಿಂಡಿಯಲ್ಲಿದ್ದರೆ ಪೊಟ್ಟಣದ ಮೇಲೆ ಪ್ರತ್ಯೇಕವಾಗಿ ಹೇಳಲೇಬೇಕು. ಗೋಧಿಯಂಥ ಗ್ಲುಟನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿಯ ಜಾತಿ, ಕಡಲೆಕಾಯಿ ಮತ್ತು ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ ಆ ಪಟ್ಟಿಯಲ್ಲಿವೆ, ಜೊತೆಗೆ ಸಲ್ಫೈಟ್ ಎಂಬ ಸಂರಕ್ಷಕವೂ ಇದೆ. ಪದಾರ್ಥಗಳ ಪಟ್ಟಿ ಮುಗಿದ ಕೂಡಲೇ ಕೆಳಗೆ ‘ಕಂಟೇನ್ಸ್’ ಎಂಬ ಪದದಿಂದ ಶುರುವಾಗುವ ಸಾಲು ಅದು. ಅದರ ಪಕ್ಕದಲ್ಲೋ ಕೆಳಗೋ ‘ಮೇ ಕಂಟೇನ್’ ಎಂಬ ಇನ್ನೊಂದು ಸಾಲೂ ಇರಬಹುದು. ತಿಂಡಿಗೆ ಆ ಪದಾರ್ಥ ಹಾಕಿಲ್ಲ, ಆದರೆ ಅದೇ ಯಂತ್ರದಲ್ಲಿ ಅಥವಾ ಅದೇ ಕಾರ್ಖಾನೆಯಲ್ಲಿ ಬಳಸುವುದರಿಂದ ಸೋಕಿರಬಹುದು ಎಂದು ಅದರ ಅರ್ಥ. ನಮ್ಮ ಪಾರ್ಟಿಗೆ ಎರಡೂ ಸಾಲುಗಳು ಒಂದೇ. ಯಾವುದರಲ್ಲಾದರೂ ಆ ಎರಡು ಮಕ್ಕಳ ಪದಾರ್ಥ ಕಂಡರೆ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟುಬರಬೇಕು. ಎರಡನೇ ಸಾಲು ಇಲ್ಲ ಎಂದ ಮಾತ್ರಕ್ಕೆ ಏನೂ ಸೋಕಿಲ್ಲ ಎಂಬ ಖಾತ್ರಿಯೂ ಇಲ್ಲ. ಹೀಗಾಗಿಯೇ ಕೊನೆಯ ಮಾತು ಆ ಮಗುವಿನ ಮನೆಯವರದ್ದು.

ನಮ್ಮ ಉದಾಹರಣೆಯ ಚಿಪ್ಸನ್ನೇ ನೋಡಿ. ಬರೀ ಉಪ್ಪಿನ ಬಗೆಯಲ್ಲಿ ಆಲೂಗೆಡ್ಡೆ, ಎಣ್ಣೆ, ಉಪ್ಪು ಇಷ್ಟೇ ಇರುವುದು ವಾಡಿಕೆ. ಅದೇ ಕಂಪನಿಯ, ನೋಡಲು ಹೆಚ್ಚುಕಡಿಮೆ ಅದೇ ರೀತಿಯ ಕ್ರೀಮ್ ಈರುಳ್ಳಿಯ ಪೊಟ್ಟಣದ ಹಿಂಬದಿ ತಿರುಗಿಸಿದರೆ ಹಾಲಿನ ಘನಾಂಶ ಎಂದು ಬರೆದಿರುತ್ತದೆ. ಐದು ಮನೆಯವರು ಐದು ಬಗೆ ತಂದರೆ ಮಕ್ಕಳ ಕೈಯಲ್ಲಿ ಎಲ್ಲ ಬೆರೆತುಹೋಗುತ್ತದೆ. ಒಂದೇ ಬಗೆ ಎಂದು ಒತ್ತಿ ಹೇಳಿದ್ದು ಅದಕ್ಕೆ. ಹಾಲು ‘ಕೇಸೀನ್’, ‘ವೇ’ ಎಂಬ ಹೆಸರುಗಳಲ್ಲೂ ಅಡಗಿರುತ್ತದೆ. ಎಗ್‌ಲೆಸ್ ಕೇಕ್ ತಂದುಬಿಟ್ಟರೆ ಎಲ್ಲರಿಗೂ ಆಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮೊಟ್ಟೆ ಬಿಟ್ಟ ಜಾಗದಲ್ಲಿ ಅದಕ್ಕೆ ಸಾಮಾನ್ಯವಾಗಿ ಮೊಸರು ಅಥವಾ ಕಂಡೆನ್ಸ್ಡ್ ಹಾಲನ್ನೇ ಹಾಕಿರುತ್ತಾರೆ. ಕಳೆದ ವರ್ಷ ಸರಿ ಎನಿಸಿದ್ದ ಬಿಸ್ಕತ್ತನ್ನು ಈ ವರ್ಷ ಓದದೆ ತರುವಂತಿಲ್ಲ, ಕಂಪನಿಗಳು ಪಾಕವನ್ನು ಬದಲಿಸುತ್ತಲೇ ಇರುತ್ತವೆ. ಮಕ್ಕಳು ತಿಂದು ಮುಗಿಸುವವರೆಗೂ ಖಾಲಿ ಪೊಟ್ಟಣ ಎಸೆಯಬೇಡಿ. ಏನಾದರೂ ಆದರೆ ವೈದ್ಯರು ಮೊದಲು ಕೇಳುವುದೇ ಏನು ತಿಂದಿತು ಎಂದು.

ಪಾರ್ಟಿಯ ದಿನ ತಿನ್ನುವ ಮೊದಲೂ, ತಿಂದ ಮೇಲೂ ಎಲ್ಲ ಮಕ್ಕಳೂ ಸಾಬೂನು ಹಚ್ಚಿ ಕೈ ತೊಳೆಯಲಿ. ಬೆಳಗಿನ ತಿಂಡಿಗೆ ಚಟ್ನಿ ಮುಟ್ಟಿದ ಕೈಗಳೇ ಬಾಳೆಹಣ್ಣನ್ನೂ ಹಂಚುತ್ತವೆ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. ಅದು ರೋಗಾಣುಗಳನ್ನು ಕೊಲ್ಲುತ್ತದೆ, ಆದರೆ ಕಡಲೆಕಾಯಿಯ ಪ್ರೋಟೀನನ್ನು ಚರ್ಮದಿಂದ ತೆಗೆಯುವುದಿಲ್ಲ. ಸಾಬೂನು, ನೀರು, ಇಲ್ಲವೇ ಒದ್ದೆ ವೈಪ್ಸ್ ತೆಗೆಯುತ್ತವೆ. ಇನ್ನೊಂದು ಕಡೆ, ಅತಿಯಾದ ಭಯವೂ ಬೇಡ. ಪಕ್ಕದಲ್ಲಿ ಯಾರೋ ಕಡಲೆಕಾಯಿ ತಿಂದ ವಾಸನೆಗೆ ತೀವ್ರ ಪ್ರತಿಕ್ರಿಯೆ ಆಗುವುದು ಬಹಳ ಅಪರೂಪ. ಹೊಟ್ಟೆಗೆ ಹೋಗುವುದೇ ಅಪಾಯ. ಆದ್ದರಿಂದ ಆ ಮಗುವನ್ನು ಮೂಲೆಯ ಬೇರೆ ಮೇಜಿಗೆ ಕೂರಿಸುವುದಕ್ಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ, ಅದು ಏಳು ವರ್ಷದ ಮಗುವಿಗೆ ಕೊಡುವ ಶಿಕ್ಷೆ ಅಷ್ಟೇ. ಮೇಜಿನ ಮೇಲಿರುವುದೆಲ್ಲ ಅದಕ್ಕೂ ಆಗುವಂಥದ್ದಾದರೆ ಗೆಳೆಯರ ನಡುವೆಯೇ ಕೂತು ತಿನ್ನಬಹುದು. ಹಣ್ಣು ಆರಿಸಿದ್ದು ಈ ಕಾರಣಕ್ಕೆ: ಬಾಳೆಹಣ್ಣು, ಕಿತ್ತಳೆಗೆ ಸಿಪ್ಪೆಯೇ ಪೊಟ್ಟಣ.

ಇಷ್ಟೆಲ್ಲ ಮಾಡಿದ ಮೇಲೂ ತಪ್ಪುವುದುಂಟು. ಮಗು ಪದೇ ಪದೇ ಕೆಮ್ಮಿದರೆ, ದನಿ ಗೊಗ್ಗರಾದರೆ, ದದ್ದಿನ ಜೊತೆಗೆ ವಾಂತಿಯಾದರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದರೆ ಕಾದು ನೋಡಬಾರದು. ಅಲರ್ಜಿಗೆ ಎಂದು ಮನೆಯಲ್ಲಿಟ್ಟಿರುವ ಸೆಟಿರಿಜಿನ್ ಸಿರಪ್ ತುರಿಕೆ ಇಳಿಸಬಲ್ಲದು, ಕಟ್ಟುತ್ತಿರುವ ಉಸಿರನ್ನು ಬಿಡಿಸಲಾರದು. ಆಗ ಬೇಕಾದ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ತೊಡೆಯ ಹೊರಭಾಗದ ನಡುವೆ, ಸ್ನಾಯುವಿಗೆ ಕೊಡಬೇಕು. ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ ಹಲವು ದೇಶಗಳ ಶಾಲೆಗಳಲ್ಲಿದೆ, ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಇಲ್ಲಿನ ವೈದ್ಯರು ಕೆಲವು ಪೋಷಕರಿಗೆ ಆಂಪೂಲ್‌ನಿಂದ ಸಿರಿಂಜಿಗೆ ಎಳೆದುಕೊಳ್ಳುವುದನ್ನೇ ಕಲಿಸಿಕೊಡುತ್ತಾರೆ. ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಇರುವ ಆಂಪೂಲ್‌ನಿಂದ 20 ಕಿಲೊ ತೂಕದ ಮಗುವಿಗೆ 0.2 ಮಿಲಿಲೀಟರ್. ತನ್ನ ಮಗುವಿನ ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಂಡಿರಬೇಕು. ಗಾಬರಿಯಲ್ಲಿ ಈ ಕೆಲಸವನ್ನು ತರಬೇತಿಯಿಲ್ಲದ ಶಿಕ್ಷಕಿ ಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಆ ದಿನ ಮಗುವಿನ ಅಪ್ಪನೋ ಅಮ್ಮನೋ ಶಾಲೆಯ ಆವರಣದಲ್ಲೇ ಇರುವುದು, ಇಲ್ಲವೇ ಶಾಲೆಯ ನರ್ಸ್ ಜೊತೆ ಮೊದಲೇ ಮಾತಾಡಿ ಔಷಧ ಎಲ್ಲಿದೆ, ಯಾರು ಕೊಡುತ್ತಾರೆ ಎಂದು ನಿಶ್ಚಯಿಸಿಕೊಳ್ಳುವುದು ನಡೆಯಬಹುದಾದ ದಾರಿ. 108ಕ್ಕೆ ಕರೆ ಮಾಡುವವರು ಬೇರೊಬ್ಬರಾಗಿರಲಿ. ಮಗುವನ್ನು ಅಂಗಾತ ಮಲಗಿಸಿ ಕಾಲು ಸ್ವಲ್ಪ ಎತ್ತರಿಸಬೇಕು, ಉಸಿರಿಗೆ ಕಷ್ಟವಾದರೆ ಕೂರಿಸಬಹುದು, ಎಬ್ಬಿಸಿ ನಡೆಸಬಾರದು. ರಕ್ತದೊತ್ತಡ ಕುಸಿದಿರುವಾಗ ಏಕಾಏಕಿ ನಿಲ್ಲಿಸುವುದೇ ಪ್ರಾಣಕ್ಕೆ ಎರವಾದೀತು. ಚುಚ್ಚುಮದ್ದಿನ ನಂತರ ಮಗು ಗೆಲುವಾದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವರಲ್ಲಿ ಕೆಲವು ಗಂಟೆಗಳ ನಂತರ ಲಕ್ಷಣಗಳು ಮತ್ತೆ ಮರಳುತ್ತವೆ.

ನವೆಂಬರಿನ ಸಂದೇಶವನ್ನು ಜನವರಿಗೆ ಹಾಗೇ ಫಾರ್ವರ್ಡ್ ಮಾಡುವುದಕ್ಕೆ ಆಗುವುದಿಲ್ಲ. ಸಂಕ್ರಾಂತಿಗೆ ತರಗತಿಯಲ್ಲಿ ಎಳ್ಳು ಬೀರುವ ಪದ್ಧತಿ ಹಲವು ಶಾಲೆಗಳಲ್ಲಿದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಯ ಜೊತೆಗೆ ಹುರಿದು ಸಿಪ್ಪೆ ತೆಗೆದ ಕಡಲೆಕಾಯಿ ಬೀಜ ಸೇರಿಯೇ ಅದು ಎಳ್ಳು ಬೆಲ್ಲ. ಒಂದು ಚಮಚ ಬಾಯಿಗೆ ಹೋದರೆ ನಮ್ಮ ಮೊದಲ ಮಗುವಿಗೆ ಅಪಾಯ. ಎಳ್ಳಿಗೇ ಅಲರ್ಜಿ ಇರುವ ಮಕ್ಕಳೂ ಇದ್ದಾರೆ. ಅಮೆರಿಕದಲ್ಲಿ 2023ರಿಂದ ಲೇಬಲ್ ಮೇಲೆ ಎಳ್ಳನ್ನು ಅಲರ್ಜಿಕಾರಕ ಎಂದು ಹೇಳುವುದು ಕಡ್ಡಾಯ, ನಮ್ಮ 2020ರ ಪಟ್ಟಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಎಳ್ಳಿನ ಅಲರ್ಜಿ ಇದ್ದರೆ ‘ಕಂಟೇನ್ಸ್’ ಸಾಲಿಗೇ ನಿಲ್ಲದೆ ಮೇಲಿನ ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು. ಎಳ್ಳು ಬೆಲ್ಲದ ಬದಲು ಸಕ್ಕರೆ ಅಚ್ಚು ಕೊಡೋಣ ಎಂದರೆ ಅಲ್ಲೂ ಒಂದು ತೊಡಕಿದೆ: ಸಕ್ಕರೆ ಪಾಕದ ಕೊಳೆ ತೆಗೆಯಲು ಅದಕ್ಕೆ ಹಾಲು ಹಾಕಿ ಕುದಿಸುವುದು ವಾಡಿಕೆ, ನಮ್ಮ ಎರಡನೇ ಮಗುವಿಗೆ ಅದು ಆಗದು. ಆ ತರಗತಿಗೆ ನಾನಾದರೆ ಕಬ್ಬಿನ ತುಂಡು ಮತ್ತು ಎಲಚಿಹಣ್ಣು ಎಂದು ಬರೆಯುತ್ತೇನೆ, ಎಳ್ಳು ಬೆಲ್ಲದ ಪೊಟ್ಟಣಗಳನ್ನು ಮಕ್ಕಳ ಕೈಯಲ್ಲಿ ಶಾಲೆಗೆ ಕಳಿಸದೆ ಸಂಜೆ ಮನೆಗಳಲ್ಲೇ ಬೀರಿ ಎಂದೂ ಕೆಳಗೆ ಸೇರಿಸುತ್ತೇನೆ.